ತುಟಿಯ ಪಕ್ಕದ ಬಿಳಿ

“ಚೆನ್ನಾಗಿದೆ ಕಣಪ್ಪ. ಆದ್ರೆ ಯಾರಿವರು?”

ಟೀಚರ್ ಹೀಗೆ ಕೇಳಿದಾಗ ಅವರ ಮಗಳು ಜೋರಾಗಿ ನಕ್ಕಳು. ನನಗೆ ನಗು ಬರಲಿಲ್ಲ. ಟೇಬಲ್ ಮೇಲೆ ಇದ್ದದ್ದು ಕ್ಯಾನ್ವಾಸ್‌ಗೆ ಹಾಕುವ ಮುಂಚೆ ತೆಗೆದ ಪ್ರೂಫ್. ಟೀಚರ್‌ಗೆ ಅರವತ್ತು ತುಂಬುತ್ತಿತ್ತು, ಮನೆಯಲ್ಲಿ ಶಾಂತಿ ಇಟ್ಟುಕೊಂಡಿದ್ದರು. ಅವತ್ತು ಹಾಲ್‌ನಲ್ಲಿ ಇಡೋಕೆ ಅಮ್ಮನ ಫೋಟೋವನ್ನು ಆಯಿಲ್ ಪೇಂಟಿಂಗ್ ಥರ ಮಾಡಿಕೊಡಿ ಅಂತ ಮಗಳು ಕೇಳಿದ್ದಳು. ಮಾಡಿದ್ದೆ. ಎಐ ಬರೆದ ಆ ಚಿತ್ರದಲ್ಲಿ ಸೀರೆಯ ಜರಿ ಬಂದಿತ್ತು, ಮೂಗುಬೊಟ್ಟಿನ ಹೊಳಪು ಬಂದಿತ್ತು, ಕನ್ನಡಕದ ಗಾಜಿನಲ್ಲಿ ಕಿಟಕಿ ಕೂಡ ಕಾಣುತ್ತಿತ್ತು. ಮಗಳಿಗೆ ತುಂಬಾ ಇಷ್ಟವಾಗಿತ್ತು.

ಟೀಚರ್ ಮಾತ್ರ ಅದನ್ನು ಕೈಗೆ ತಗೊಂಡು ಬಾಗಿಲ ಹತ್ತಿರ ಬೆಳಕಿಗೆ ಹಿಡಿದರು. “ನಮ್ಮ ಚಿಕ್ಕಮ್ಮನ ಹಾಗೆ ಕಾಣ್ತಾರೆ” ಅಂದರು. ಆಮೇಲೆ ತಮ್ಮ ತುಟಿಯ ಮೂಲೆ ಮುಟ್ಟಿಕೊಂಡು, “ಇದೆಲ್ಲಿ ಹೋಯ್ತು?” ಅಂದರು.

ಅಲ್ಲಿ ಅವರಿಗೆ ಬಿಳಿ ಮಚ್ಚೆ ಇದೆ. ಡಾಕ್ಟರು ವಿಟಿಲಿಗೋ ಅಂತಾರೆ. ಊರಿನವರು ತೊನ್ನು ಅಂತಾರೆ, ಆ ಮಾತು ಕಿವಿಗೆ ಹೇಗೆ ಬೀಳುತ್ತೆ ಅಂತ ನಿಮಗೆ ಗೊತ್ತು. ಬಾಯಿಯ ಎರಡೂ ಮೂಲೆಯಲ್ಲಿ, ಬಲಗಣ್ಣಿನ ರೆಪ್ಪೆಯ ಮೇಲೆ, ಎರಡು ಕೈಗಳ ಬೆರಳ ಗಿಣ್ಣುಗಳ ಮೇಲೆ. ಬಲಹುಬ್ಬಿನ ಹೊರತುದಿಯ ಕೂದಲೂ ಬೆಳ್ಳಗಾಗಿದೆ. ಗಲ್ಲದ ಮೇಲೆ ಒಂದು ಹಳೆಯ ಗಾಯದ ಕಲೆ, ಚಿಕ್ಕವರಿದ್ದಾಗ ಒರಳುಕಲ್ಲಿನ ಮೇಲೆ ಬಿದ್ದದ್ದು. ಹುಬ್ಬುಗಳ ನಡುವೆ ಎರಡು ಉದ್ದ ಗೆರೆ. ನನ್ನ ಪ್ರೂಫ್‌ನಲ್ಲಿ ಇವು ಒಂದೂ ಇರಲಿಲ್ಲ. ನಾನು ತೆಗೆದಿರಲಿಲ್ಲ. ತೆಗೀರಿ ಅಂತ ಯಾರೂ ಹೇಳಿರಲಿಲ್ಲ. ತಾವಾಗೇ ಹೋಗಿದ್ದವು, ಹೋದದ್ದು ನನ್ನ ಕಣ್ಣಿಗೂ ಬಿದ್ದಿರಲಿಲ್ಲ. ಅವತ್ತಿನಿಂದ ನನ್ನನ್ನು ಕಾಡುತ್ತಿರುವುದು ಈ ಕೊನೆಯ ಮಾತು. ಮೂರು ದಿನ ಆ ಮುಖವನ್ನು ಸ್ಕ್ರೀನ್ ಮೇಲೆ ದೊಡ್ಡದು ಮಾಡಿಕೊಂಡು ನೋಡಿದವನು ನಾನು.

### ಪೆನ್ಸಿಲ್ ಹಿಡಿದ ಕೈ

ನಾನು ಕೆಲಸ ಕಲಿತದ್ದು ದೊಡ್ಡಪ್ಪನ ಸ್ಟುಡಿಯೋದಲ್ಲಿ. ಅಲ್ಲಿ ಟಚಪ್ ಅಂದರೆ ನೆಗೆಟಿವ್ ಮೇಲೆ ಪೆನ್ಸಿಲ್ ಕೆಲಸ. ಕೆಳಗಿಂದ ಬೆಳಕು ಬರುವ ಇಳಿಜಾರು ಡೆಸ್ಕ್, ಅದರ ಮೇಲೆ ನೆಗೆಟಿವ್, ಸೂಜಿಯಷ್ಟು ಚೂಪು ಮಾಡಿದ ಪೆನ್ಸಿಲ್. ಮುಖದ ಕಪ್ಪು ಗೆರೆ ನೆಗೆಟಿವ್‌ನಲ್ಲಿ ತೆಳುವಾಗಿ, ಬೆಳಕು ಹಾಯುವ ಹಾಗೆ ಇರುತ್ತೆ. ಅಲ್ಲಿ ಸಣ್ಣ ಸಣ್ಣ ಚುಕ್ಕಿ ಇಟ್ಟು ತುಂಬಿದರೆ ಪ್ರಿಂಟ್‌ನಲ್ಲಿ ಗೆರೆ ತಿಳಿಯಾಗುತ್ತೆ. ದೊಡ್ಡಪ್ಪ ಒಂದೊಂದು ಸುಕ್ಕಿಗೂ ಎಷ್ಟು ಚುಕ್ಕಿ ಅಂತ ಯೋಚಿಸಿ ಇಡುತ್ತಿದ್ದರು. ಮೊಡವೆ ಇದ್ದರೆ ಕೇಳದೇ ತೆಗೆಯುತ್ತಿದ್ದರು. ಮಚ್ಚೆ, ಕಲೆ ಇದ್ದರೆ ಕೌಂಟರ್‌ನಲ್ಲೇ ಕೇಳುತ್ತಿದ್ದರು, “ಇದು ಇರ್ಲಾ?”

ಬಿಳಿ ಮಚ್ಚೆಗೆ ಆ ಪೆನ್ಸಿಲ್‌ನಿಂದ ಏನೂ ಮಾಡೋಕೆ ಆಗುತ್ತಿರಲಿಲ್ಲ. ಪೆನ್ಸಿಲ್ ನೆಗೆಟಿವ್ ಮೇಲೆ ಕಪ್ಪು ಸೇರಿಸುತ್ತೆ ಅಷ್ಟೇ, ಅದರಿಂದ ಪ್ರಿಂಟ್ ಬೆಳ್ಳಗಾಗುತ್ತೆ. ಇಲ್ಲಿ ಬೇಕಾದ್ದು ಅದರ ಉಲ್ಟಾ. ನೆಗೆಟಿವ್‌ನ ಪದರವನ್ನು ಬ್ಲೇಡ್‌ನಿಂದ ಹದವಾಗಿ ಕೆರೆಯಬೇಕು, ಇಲ್ಲಾ ಪ್ರಿಂಟ್ ಮೇಲೆ ಬ್ರಷ್‌ನಿಂದ ಬಣ್ಣ ಕೂರಿಸಬೇಕು. ಎರಡೂ ಕಷ್ಟ. ಹಾಗಾಗಿ ಹಳೆಯ ಫೋಟೋಗಳಲ್ಲಿ ಸುಕ್ಕು ಹೋಗಿ ಬಿಳಿ ಮಚ್ಚೆ ಉಳಿದಿರುವುದನ್ನು ನಾನು ನೋಡಿದ್ದೇನೆ.

ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಮುಖ ತಿದ್ದುವುದು ಹೊಸದಲ್ಲ. ಆದರೆ ಮುಂಚೆ ತಿದ್ದೋಕೆ ಕೆಲಸ ಮಾಡಬೇಕಿತ್ತು, ಇರುವುದನ್ನು ಉಳಿಸೋಕೆ ಸುಮ್ನೆ ಇದ್ದರೆ ಸಾಕಿತ್ತು. ಈಗ ಉಳಿಸೋಕೆ ಕೆಲಸ ಮಾಡಬೇಕು. ಸುಮ್ನೆ ಇದ್ದರೆ ಹೋಗಿಬಿಡುತ್ತೆ. “ಇದು ಇರ್ಲಾ?” ಅನ್ನುವ ಪ್ರಶ್ನೆ ಹುಟ್ಟುವ ಜಾಗವೇ ಉಳಿದಿಲ್ಲ.

### ಎಲ್ಲಿ ಹೋಯಿತು ಅಂತ ಹುಡುಕಿದೆ

ಟೀಚರ್ ಹೋದ ಮೇಲೆ ರಾತ್ರಿ ಕೂತು ಒಂದೊಂದೇ ಹಂತವನ್ನು ಬಿಚ್ಚಿ ನೋಡಿದೆ. ನಾನು ಬಳಸುವುದು ನನ್ನ ಕಂಪ್ಯೂಟರ್‌ನಲ್ಲೇ ಓಡುವ, ಸ್ಟೇಬಲ್ ಡಿಫ್ಯೂಷನ್ ಅನ್ನುವ ಎಐ ಮಾಡೆಲ್. ಫೋಟೋ ಕೊಟ್ಟು, ಪ್ರಾಂಪ್ಟ್ ಅನ್ನುವ ಬರಹದಲ್ಲಿ ಶೈಲಿ ಹೇಳಿ, ಎಷ್ಟು ಬದಲಾಗಬೇಕು ಅಂತ ಒಂದು ಸಂಖ್ಯೆ ಕೊಟ್ಟರೆ ಅದು ಚಿತ್ರವನ್ನು ಮತ್ತೆ ಬರೆಯುತ್ತೆ.

ಮೊದಲ ಆಶ್ಚರ್ಯ ಗಲ್ಲದ ಕಲೆಯದು. ಶೈಲಿಯ ಕೆಲಸ ಶುರುವಾಗುವ ಮುಂಚೆಯೇ ಅದು ಹೋಗಿತ್ತು. ಮಾಡೆಲ್ ಫೋಟೋದ ಮೇಲೆ ನೇರವಾಗಿ ಕೆಲಸ ಮಾಡಲ್ಲ. ಮೊದಲು ಅದನ್ನು ಕುಗ್ಗಿಸಿಕೊಳ್ಳುತ್ತೆ. ಉದ್ದ 8, ಅಗಲ 8 ಪಿಕ್ಸೆಲ್‌ನ ಒಂದು ಚೌಕ, ಅಂದರೆ 64 ಪಿಕ್ಸೆಲ್, ಕುಗ್ಗಿದ ಮೇಲೆ ಒಂದೇ ಮನೆ ಆಗುತ್ತೆ. ನಾನು ಕೊಟ್ಟದ್ದು ಸೊಂಟದವರೆಗಿನ ಫೋಟೋ, 768 ಪಿಕ್ಸೆಲ್ ಅಗಲ. ಅದರಲ್ಲಿ ಮುಖ ಇದ್ದದ್ದು ಸುಮಾರು 200 ಪಿಕ್ಸೆಲ್. ಅಂದರೆ ಇಡೀ ಮುಖಕ್ಕೆ ಅಡ್ಡಡ್ಡವಾಗಿ 25 ಮನೆ. ಗಲ್ಲದ ಕಲೆ ಅಲ್ಲಿ ಬರೀ 2 ಪಿಕ್ಸೆಲ್ ದಪ್ಪ, ಒಂದು ಮನೆಯ ಕಾಲುಭಾಗ. ಅದು ಎಲ್ಲಿ ನಿಲ್ಲಬೇಕು? ಹುಬ್ಬುಗಳ ನಡುವಿನ ಗೆರೆಗಳ ಗತಿಯೂ ಅದೇ.

ಇದನ್ನು ಪತ್ತೆ ಮಾಡೋದು ಸುಲಭ. ಫೋಟೋವನ್ನು ಕುಗ್ಗಿಸಿ, ಮಧ್ಯೆ ಏನೂ ಮಾಡದೆ, ಮತ್ತೆ ಹಿಗ್ಗಿಸಿ ನೋಡಬೇಕು. ಈ ಮಾಡೆಲ್ ಓಡಿಸೋಕೆ `ComfyUI` ಅನ್ನುವ ಪ್ರೋಗ್ರಾಂ ಬಳಸುವವರು ಕುಗ್ಗಿಸುವ `VAE Encode` ಅನ್ನು ನೇರ ಹಿಗ್ಗಿಸುವ `VAE Decode`ಗೆ ಜೋಡಿಸಿದರೆ ಆಯಿತು. ಅಲ್ಲೇ ಗುರುತು ಮಾಸಿದ್ದರೆ ಮುಂದೆ ಯಾವ ಪ್ರಾಂಪ್ಟ್ ಬರೆದರೂ ಅದು ವಾಪಸ್ ಬರಲ್ಲ. ಬಂದರೂ ಅದು ಅವರ ಕಲೆ ಆಗಿರಲ್ಲ, ಮಾಡೆಲ್ ಊಹಿಸಿದ ಇನ್ನೊಂದು ಕಲೆ ಆಗಿರುತ್ತೆ.

ಬಿಳಿ ಮಚ್ಚೆಯ ಕಥೆ ಬೇರೆ. ಅದು ದೊಡ್ಡದು, ಕುಗ್ಗಿಸಿದಾಗ ಹೋಗಿರಲಿಲ್ಲ. ಹೋದದ್ದು ಎರಡನೇ ಹಂತದಲ್ಲಿ. `Denoising strength` ಅನ್ನುವ ಸಂಖ್ಯೆಯನ್ನು ನಾನು 0.6 ಇಟ್ಟಿದ್ದೆ. ಹಾಗೆ ಇಟ್ಟರೆ ಚಿತ್ರದ ಮೇಲೆ ಅರ್ಧಕ್ಕಿಂತ ಜಾಸ್ತಿ ದೂರದವರೆಗೆ ಮಂಜು ಎರಚಿದ ಹಾಗೆ ಮಾಡಿ, ಆಮೇಲೆ ಆ ಮಂಜನ್ನು ಹಂತ ಹಂತವಾಗಿ ತೆಗೆಯುತ್ತೆ. ನಾನು ಬಳಸುವ ಪ್ರೋಗ್ರಾಂನಲ್ಲಿ 30 ಹಂತ ಅಂತ ಇಟ್ಟಿದ್ದರೆ ಅದರಲ್ಲಿ 18 ಹಂತ ಓಡುತ್ತೆ. ಮಂಜಿನೊಳಗೆ ಸಣ್ಣ ವಿವರಗಳು ಮೊದಲು ಮುಳುಗುತ್ತವೆ, ದೊಡ್ಡ ಆಕಾರಗಳು ಉಳಿಯುತ್ತವೆ. ತುಟಿಯ ಪಕ್ಕದಲ್ಲಿ ಒಂದು ಬೆಳ್ಳನೆ ಜಾಗ ಇದೆ ಅನ್ನುವಷ್ಟು ಉಳಿಯಿತು, ಅದರ ಅಂಚು ಮುಳುಗಿತು. ವಿಟಿಲಿಗೋದ ಗುರುತೇ ಅದರ ಅಂಚು. ಬಣ್ಣ ಇರುವ ಚರ್ಮ ಒಂದು ಗೆರೆಯಲ್ಲಿ ನಿಂತುಬಿಡುತ್ತೆ, ಅದರಾಚೆ ಇಲ್ಲ. ಅಂಚು ಹೋದ ಬಿಳಿಯನ್ನು ಮಾಡೆಲ್ ಬೆಳಕು ಅಂತ ಓದಿಕೊಂಡಿತು. ಕೆನ್ನೆಯ ಮೇಲೆ ಬಿಸಿಲು ಬಿದ್ದ ಹಾಗೆ, ತುಟಿಯ ಪಕ್ಕ ಎಣ್ಣೆ ಹೊಳಪಿನ ಹಾಗೆ ಬರೆಯಿತು.

ಅಳೆದೂ ನೋಡಿದೆ. ಬೆಳಕಿನ ಪ್ರಮಾಣವನ್ನು 0ಯಿಂದ 100ರವರೆಗೆ ಅಳೆಯುವ, `Lab` ಅನ್ನುವ ಬಣ್ಣದ ಮಾಪನದಲ್ಲಿ, ಮೂಲ ಫೋಟೋದಲ್ಲಿ ಕೆನ್ನೆ 48, ಪಕ್ಕದ ಬಿಳಿ 74 ಇತ್ತು. ವ್ಯತ್ಯಾಸ 26. ನನ್ನ ಪ್ರೂಫ್‌ನಲ್ಲಿ ಕೆನ್ನೆ 52, ಬಿಳಿ ಇದ್ದ ಜಾಗ 59. ವ್ಯತ್ಯಾಸ ಬರೀ 7. ಕೆನ್ನೆಯನ್ನೂ 4 ಅಂಕ ಬೆಳ್ಳಗೆ ಮಾಡಿದೆ ನೋಡಿ, ಅದನ್ನೂ ಯಾರೂ ಕೇಳಿರಲಿಲ್ಲ.

ಮಾಡೆಲ್ ಯಾಕೆ ಹೀಗೆ ಓದುತ್ತೆ? ಅದು ನೋಡಿ ಕಲಿತ ಮುಖಗಳು ಅಂಥವು. ಸ್ಟೇಬಲ್ ಡಿಫ್ಯೂಷನ್‌ನ ಮೊದಲ ಸಾಲಿನ ಮಾಡೆಲ್‌ಗಳನ್ನು ಪಳಗಿಸುವಾಗ ಕೊನೆಯ ಸುತ್ತುಗಳಲ್ಲಿ “ಚೆನ್ನಾಗಿದೆ” ಅಂತ ಅಂಕ ಜಾಸ್ತಿ ಬಂದ ಚಿತ್ರಗಳನ್ನೇ ಆರಿಸಿ ಕೊಟ್ಟಿದ್ದರು. ಅಂಕ ಕೊಟ್ಟದ್ದೂ ಇನ್ನೊಂದು ಪ್ರೋಗ್ರಾಂ. ಜೊತೆಗೆ ಇಂಟರ್‌ನೆಟ್‌ನಲ್ಲಿ ಸಿಗುವ ಮುಖದ ಫೋಟೋಗಳಲ್ಲಿ ಎಷ್ಟೋ ಮೊದಲೇ ಯಾರೋ ನಯ ಮಾಡಿದವು. ಇನ್ನು ಫೋಟೋದ ಕೆಳಗಿನ ವಿವರಣೆಯಲ್ಲಿ “ಸೀರೆ ಉಟ್ಟ ಮಹಿಳೆ” ಅಂತ ಇರುತ್ತೆಯೇ ಹೊರತು “ಗಲ್ಲದ ಮೇಲೆ ಕಲೆ ಇರುವ ಮಹಿಳೆ” ಅಂತ ಯಾರು ಬರೆಯುತ್ತಾರೆ? ಮಂಜು ತೆಗೆದು ಚರ್ಮ ತುಂಬುವ ಹೊತ್ತಿಗೆ ಅದಕ್ಕೆ ನೆನಪಾಗುವುದು ನುಣ್ಣನೆಯ ಚರ್ಮವೇ.

ಮೂರನೆಯ ಕಾರಣ ನನ್ನದೇ. ಎಲ್ಲಿಂದಲೋ ನಕಲು ಮಾಡಿಕೊಂಡು ವರ್ಷಗಳಿಂದ ಎಲ್ಲ ಕೆಲಸಕ್ಕೂ ಅಂಟಿಸುತ್ತಿದ್ದ ‘ಬೇಡದ್ದರ ಪಟ್ಟಿ’ಯನ್ನು ಅವತ್ತು ಮೊದಲ ಸಲ ಓದಿದೆ.

```
lowres, blurry, bad anatomy, skin spots, acnes,
skin blemishes, age spot, wrinkles
```

ನಾನೇ ಬರೆದು ಕೊಟ್ಟಿದ್ದೆ, ಇವೆಲ್ಲ ಬೇಡ ಅಂತ. ಟೀಚರ್ ಮುಖದಲ್ಲಿ ಇದ್ದದ್ದು ಅವೇ.

ಇಷ್ಟು ಸಾಲದು ಅಂತ ಕೊನೆಯಲ್ಲಿ ಮುಖ ಸರಿಮಾಡುವ ಇನ್ನೊಂದು ಉಪಕರಣವೂ ಓಡುತ್ತಿತ್ತು, ಕೋಡ್‌ಫಾರ್ಮರ್. ಹಾಳಾದ, ಮಸುಕಾದ ಹಳೆಯ ಮುಖಗಳನ್ನು ಸರಿಮಾಡೋಕೆ ಅಂತಲೇ ಮಾಡಿದ್ದು. ಅದಕ್ಕೆ ಫೋಟೋದ ಮೇಲಿನ ಗೀರು ಯಾವುದು, ಮುಖದ ಮೇಲಿನ ಕಲೆ ಯಾವುದು ಅಂತ ಸರಿಯಾಗಿ ಗೊತ್ತಾಗಲ್ಲ. ಎರಡನ್ನೂ ಹಾಳಾದ ಜಾಗ ಅಂತ ತಿಳಿದು ರಿಪೇರಿ ಮಾಡುತ್ತೆ. ಅದರಲ್ಲಿ 0ಯಿಂದ 1ರವರೆಗೆ ಒಂದು ಸಂಖ್ಯೆ ಇದೆ. 1ರ ಕಡೆ ಹೋದಷ್ಟೂ ಮೂಲ ಮುಖಕ್ಕೆ ಹತ್ತಿರ ಇರುತ್ತೆ. ಮೂಲ ಫೋಟೋ ಚೆನ್ನಾಗಿದ್ದರೆ ಅದನ್ನು ಪೂರ್ತಿ ಬಂದ್ ಮಾಡುವುದೇ ಒಳ್ಳೇದು.

### ಪ್ರಿಂಟ್ ಮೇಲೆ ಪೆನ್ಸಿಲ್

ಎರಡನೇ ಸಲ ಶುರು ಮಾಡುವ ಮುಂಚೆ ನಾನು ಟೀಚರ್ ಮನೆಗೆ ಹೋದೆ. ಸ್ಟೈಲ್ ಮಾಡದ ಮೂಲ ಫೋಟೋವನ್ನು ಎ4 ಹಾಳೆಯಲ್ಲಿ, ಮುಖ ಮಾತ್ರ ದೊಡ್ಡದಾಗಿ ತೆಗೆದುಕೊಂಡು ಹೋಗಿದ್ದೆ. ಒಂದು ಪೆನ್ಸಿಲ್ ಕೊಟ್ಟು, “ಯಾವುದು ಇರಬೇಕೋ ಅದಕ್ಕೆ ಸುತ್ತು ಹಾಕಿ, ಯಾವುದು ಬೇಡವೋ ಅದರ ಮೇಲೆ ಅಡ್ಡ ಗೆರೆ ಎಳೀರಿ” ಅಂದೆ. ಮಗಳು ಅಡುಗೆಮನೆಯಲ್ಲಿದ್ದಳು. ಆ ಹೊತ್ತಲ್ಲೇ ಕೇಳಿದ್ದು ಒಳ್ಳೇದಾಯ್ತು ಅಂತ ಈಗ ಅನಿಸುತ್ತೆ.

ಪರೀಕ್ಷೆಯ ಪೇಪರ್ ತಿದ್ದುವವರ ಹಾಗೆ ಅವರು ಹಾಳೆಯನ್ನು ಮೊದಲು ಪೂರ್ತಿ ನೋಡಿದರು. ಬಾಯಿಯ ಎರಡೂ ಮೂಲೆಗೆ ಸುತ್ತು. ಬಲರೆಪ್ಪೆಗೆ ಸುತ್ತು. ಗಲ್ಲದ ಕಲೆಗೆ ಸುತ್ತು, ಒರಳುಕಲ್ಲಿನ ಕಥೆ ನನಗೆ ಗೊತ್ತಾದದ್ದು ಆಗಲೇ. ಹುಬ್ಬಿನ ನಡುವಿನ ಗೆರೆಗಳ ಹತ್ತಿರ ಪೆನ್ಸಿಲ್ ನಿಂತಿತು. “ಇದನ್ನ ನೋಡಿದ್ರೆ ನಮ್ಮ ಹುಡುಗ್ರು ಹೆದರ್ತಾ ಇದ್ರು. ಇರ್ಲಿ” ಅಂತ ಅದಕ್ಕೂ ಸುತ್ತು ಹಾಕಿದರು. ಆಮೇಲೆ ಕಣ್ಣ ಕೆಳಗಿನ ಕಪ್ಪಿನ ಮೇಲೆ ಎರಡು ಸಲ ಗಟ್ಟಿಯಾಗಿ ಗೆರೆ ಎಳೆದರು. ಫೋಟೋ ತೆಗೆದ ವಾರ ಅವರ ಯಜಮಾನರು ಆಸ್ಪತ್ರೆಯಲ್ಲಿದ್ದರಂತೆ, ನಾಲ್ಕು ರಾತ್ರಿ ನಿದ್ದೆ ಇರಲಿಲ್ಲ. “ಇದು ನನ್ನದಲ್ಲ. ಆ ವಾರದ್ದು.”

ಸುಮ್ನೆ ಎಲ್ಲವನ್ನೂ ಉಳಿಸಿದ್ದರೆ ನಾನು ಇದನ್ನೂ ಉಳಿಸುತ್ತಿದ್ದೆ. ‘ಇದ್ದ ಹಾಗೆ’ ಅನ್ನುವುದು ಫೋಟೋದಲ್ಲಿ ಇದ್ದ ಹಾಗೆ ಅಲ್ಲ ಅಂತ ನನಗೆ ಗೊತ್ತಾದದ್ದು ಆ ಎರಡು ಗೆರೆಗಳಿಂದ.

ಬಿಳಿ ಮಚ್ಚೆಯ ಬಗ್ಗೆ ಅವರಾಗೇ ಮಾತು ತೆಗೆದರು. ಮೊದಲು ಬಂದದ್ದು ಮೂವತ್ತನೇ ವಯಸ್ಸಿನಲ್ಲಿ. ಅಂಟುತ್ತೆ ಅಂತ ಹೆದರಿದವರಿಗೆ ಇದು ಅಂಟುವುದಲ್ಲ, ಮೈಯ ರಕ್ಷಣೆಯೇ ಬಣ್ಣ ಮಾಡುವ ಜೀವಕೋಶಗಳ ಮೇಲೆ ತಿರುಗಿ ಬೀಳುವುದು ಅಂತ ತರಗತಿಯಲ್ಲೇ ಬೋರ್ಡ್ ಮೇಲೆ ಬರೆದು ಹೇಳಿದ್ದರಂತೆ. ಸುಮಾರು ವರ್ಷ ಕ್ರೀಮ್ ಹಚ್ಚಿ ಮುಚ್ಚಿಕೊಂಡೇ ಶಾಲೆಗೆ ಹೋಗಿದ್ದರು. “ಮುಚ್ಚೋದು ಬಿಟ್ಟು ಹನ್ನೆರಡು ವರ್ಷ ಆಯ್ತು. ನೀನು ಮತ್ತೆ ಮುಚ್ಚಿಬಿಟ್ಟಿದ್ದೆ” ಅಂದರು. ಬೈಯಲಿಲ್ಲ, ಹಾಗೆ ಮೆಲ್ಲಗೆ ಹೇಳಿದರು.

ಹೊರಡುವಾಗ ಇನ್ನೊಂದು ಮಾತು. “ರೆಪ್ಪೆ ಮೇಲಿನದು ಈ ಕಡೆ ಅಲ್ವಾ ಇರೋದು?” ಅಂತ ಫೋಟೋದ ಇನ್ನೊಂದು ಕಣ್ಣು ತೋರಿಸಿದರು. ಫೋಟೋ ಸರಿಯಾಗೇ ಇತ್ತು. ಆದರೆ ಅವರು ತಮ್ಮ ಮುಖವನ್ನು ದಿನಾ ನೋಡುವುದು ಕನ್ನಡಿಯಲ್ಲಿ, ಅಲ್ಲಿ ಅದು ಆ ಕಡೆಯೇ ಇರುತ್ತೆ. ಒಂದು ಕಡೆ ಮಾತ್ರ ಗುರುತು ಇರುವವರಿಗೆ ಫೋಟೋ ಯಾವಾಗಲೂ ಸ್ವಲ್ಪ ಅಪರಿಚಿತ. ಕೆಲವು ಫೋನ್‌ಗಳ ಸೆಲ್ಫಿ ಕನ್ನಡಿಯ ಹಾಗೇ ಉಲ್ಟಾ ಸೇವ್ ಆಗಿರುತ್ತೆ, ಅದನ್ನು ಕೊಟ್ಟರೆ ನಾವು ಮಾಡುವ ಚಿತ್ರವೂ ಉಲ್ಟಾ ಆಗುತ್ತೆ. ಮನೆಯವರು ಎದುರಿನಿಂದ ನೋಡುವ ಮುಖ ಒಂದು, ಅವರು ಕನ್ನಡಿಯಲ್ಲಿ ನೋಡುವ ಮುಖ ಇನ್ನೊಂದು. ಈ ಚಿತ್ರ ಹಾಲ್‌ನಲ್ಲಿ ಎಲ್ಲರೂ ನೋಡೋಕೆ. ಹಾಗಾಗಿ ಎದುರಿನ ಮುಖವೇ ಇರಲಿ ಅಂತ ಅವರೇ ತೀರ್ಮಾನ ಮಾಡಿದರು.

### ಎರಡನೇ ಸಲ

ಮೊದಲು ಮುಖವನ್ನು ಬೇರೆ ಮಾಡಿದೆ. ಮೂಲ ಫೋಟೋ ದೊಡ್ಡದಿತ್ತು, ಫೋನಿನ ಹಿಂಬದಿಯ ಕ್ಯಾಮೆರಾದಲ್ಲಿ ತೆಗೆದದ್ದು. (ಇದು ಮುಖ್ಯ. ಎಷ್ಟೋ ಫೋನ್‌ಗಳ ಮುಂದಿನ ಕ್ಯಾಮೆರಾ ಕೇಳದೇ ಚರ್ಮವನ್ನು ನಯ ಮಾಡುತ್ತೆ. ಅಂಥ ಫೋಟೋದಲ್ಲಿ ಉಳಿಸೋಕೆ ಏನೂ ಇರಲ್ಲ, ಹೊಸ ಫೋಟೋ ತೆಗೆಯಬೇಕು.) ಕತ್ತರಿಸಿ 1024 ಪಿಕ್ಸೆಲ್‌ಗೆ ತಂದಾಗ ಮುಖದ ಅಗಲ ಸುಮಾರು 800 ಪಿಕ್ಸೆಲ್ ಆಯಿತು. ಗಲ್ಲದ ಕಲೆ ಈಗ 8 ಪಿಕ್ಸೆಲ್ ದಪ್ಪ, ಒಂದು ಪೂರ್ತಿ ಮನೆ. ಕುಗ್ಗಿಸಿ ಹಿಗ್ಗಿಸಿ ನೋಡಿದೆ, ಉಳಿದಿತ್ತು.

ಸೀರೆಗೆ, ಹಿನ್ನೆಲೆಗೆ ಬದಲಾವಣೆಯ ಸಂಖ್ಯೆ 0.6 ಇರಲಿ, ಅಲ್ಲಿ ಬ್ರಷ್ ಧಾರಾಳವಾಗಿ ಓಡಲಿ. ಮುಖಕ್ಕೆ 0.35 ಇಟ್ಟೆ. 0.45 ದಾಟಿದರೆ ಬಿಳಿಯ ಅಂಚು ಕರಗೋಕೆ ಶುರುವಾಗುತ್ತಿತ್ತು. 0.25ಕ್ಕಿಂತ ಕೆಳಗೆ ಹೋದರೆ ಮುಖ ಫೋಟೋ ಆಗಿಯೇ ಉಳಿದು ಪೇಂಟಿಂಗ್ ಸೀರೆಯ ಮೇಲೆ ಫೋಟೋ ತಲೆ ಅಂಟಿಸಿದ ಹಾಗೆ ಕಾಣುತ್ತಿತ್ತು. ಈ ಅಂಕಗಳು ನನ್ನ ಮಾಡೆಲ್‌ಗೆ, ಈ ಫೋಟೋಗೆ. ಬೇರೆಯದಕ್ಕೆ ಬೇರೆ ಬರುತ್ತವೆ, ಐದಾರು ಅಂಕಕ್ಕೆ ಒಂದೊಂದು ಚಿತ್ರ ತೆಗೆದು ಸಾಲಾಗಿ ಇಟ್ಟು ನೋಡಲೇಬೇಕು.

ಜೊತೆಗೆ ಕಂಟ್ರೋಲ್‌ನೆಟ್ ಬಳಸಿದೆ. ಇದು ಮೂಲ ಫೋಟೋವನ್ನು ಪಕ್ಕದಲ್ಲಿಟ್ಟುಕೊಂಡು ಬರೆಯುವ ಕೈಯನ್ನು ಹಿಡಿದು ನಡೆಸುವಂಥದ್ದು. ಅದರಲ್ಲಿ ಬಗೆಗಳಿವೆ. ಗೆರೆಗಳನ್ನು ಹಿಡಿಯುವ ಬಗೆಯನ್ನು ಮೊದಲು ಹಾಕಿದೆ, ಅಂಚು ತಾನೇ ಬೇಕಿರೋದು ಅಂತ. ಹುಬ್ಬಿನ ನಡುವಿನ ಗೆರೆ ಚೆನ್ನಾಗಿ ಬಂತು. ಆದರೆ ಬಿಳಿ ಮಚ್ಚೆಯ ಸುತ್ತ ಒಂದು ಕಂದು ಗೆರೆ ಎಳೆದುಬಿಟ್ಟಿತು, ನಕ್ಷೆಯಲ್ಲಿ ಜಿಲ್ಲೆಯ ಗಡಿ ಹಾಕಿದ ಹಾಗೆ. ಬಣ್ಣ ಬದಲಾಗುವ ಅಂಚಿಗೂ ಗೆರೆಗೂ ಅದಕ್ಕೆ ವ್ಯತ್ಯಾಸ ಗೊತ್ತಿಲ್ಲ. ಅದನ್ನು ಬಿಟ್ಟು ಟೈಲ್ ಅನ್ನುವ ಬಗೆ ಹಾಕಿದೆ. ಅದು ಗೆರೆ ನೋಡಲ್ಲ, ಯಾವ ಜಾಗದಲ್ಲಿ ಯಾವ ಬಣ್ಣ ಅನ್ನುವುದನ್ನು ಹಿಡಿದಿಡುತ್ತೆ. ಬಿಳಿ ತನ್ನ ಜಾಗದಲ್ಲಿ ತನ್ನ ಆಕಾರದಲ್ಲಿ ನಿಂತಿತು.

ಪ್ರಾಂಪ್ಟ್‌ನಲ್ಲಿ `vitiligo` ಅಂತ ಬರೆದರೆ ಆಗಲ್ವಾ ಅಂತ ನೀವು ಕೇಳಬಹುದು. ಬರೆದು ನೋಡಿದೆ. ಮಾಡೆಲ್‌ಗೆ ಆ ಪದ ಗೊತ್ತು, ಆದರೆ ಅದಕ್ಕೆ ಗೊತ್ತಿರುವುದು ಫ್ಯಾಷನ್ ಫೋಟೋಗಳ ವಿಟಿಲಿಗೋ. ಹಣೆಯ ಮೇಲೆ, ಕಣ್ಣುಗಳ ಸುತ್ತ, ಎರಡೂ ಕಡೆ ಕನ್ನಡಿ ಹಿಡಿದ ಹಾಗೆ ದೊಡ್ಡ ದೊಡ್ಡ ಬಿಳಿ ಬರೆಯಿತು. ಟೀಚರ್‌ಗೆ ಇರುವುದು ಒಂದೇ ರೆಪ್ಪೆಯ ಮೇಲೆ. `elderly` ಅಂತ ಸೇರಿಸಿದಾಗಲೂ ಹೀಗೇ, ಇಡೀ ಮುಖಕ್ಕೆ ಬಲೆ ಹಾಸಿದ ಹಾಗೆ ಸುಕ್ಕು, ಎಂಬತ್ತು ವರ್ಷದ ಅಜ್ಜಿ. ಅವರಿಗೆ ಬೇಕಿದ್ದದ್ದು ಎರಡು ಗೆರೆ. ಹಾಗಾಗಿ ಪ್ರಾಂಪ್ಟ್‌ನಲ್ಲಿ ಗುರುತುಗಳ ಹೆಸರೇ ಎತ್ತಲಿಲ್ಲ. ಬೇಡದ್ದರ ಪಟ್ಟಿಯಿಂದ ಚರ್ಮದ ಮಾತುಗಳನ್ನೆಲ್ಲ ಅಳಿಸಿದೆ, ಶೈಲಿಯ ಮಾತು ಮಾತ್ರ ಉಳಿಸಿದೆ.

ಆದರೂ ಗಲ್ಲದ ಕಲೆ ಅರ್ಧ ಮಾಸಿತ್ತು, ಹುಬ್ಬಿನ ತುದಿಯ ಬಿಳಿ ಕೂದಲು ಕಪ್ಪಾಗಿತ್ತು. ಅವೆರಡನ್ನೂ ಕೈಯಿಂದ ವಾಪಸ್ ತಂದೆ. ಮೂಲ ಫೋಟೋವನ್ನು ಚಿತ್ರದ ಮೇಲೆ ಕೂರಿಸಿ, ಆ ಜಾಗವನ್ನು ಮಾತ್ರ ಮೆತ್ತನೆ ಅಂಚಿನಿಂದ ತೆರೆದೆ. ಅಷ್ಟಕ್ಕೇ ಬಿಟ್ಟರೆ ಸ್ಟಿಕರ್ ಹಚ್ಚಿದ ಹಾಗೆ ಕಾಣುತ್ತೆ, ಯಾಕೆಂದರೆ ಅಲ್ಲಿ ಚರ್ಮದ ರಂಧ್ರ ಇದೆ, ಸುತ್ತ ಬ್ರಷ್‌ನ ಗೆರೆ ಇದೆ. ಆ ಜಾಗ ಮಾತ್ರ ಬದಲಾಗುವ ಹಾಗೆ ಮಾಸ್ಕ್ ಹಾಕಿ 0.2ರಲ್ಲಿ ಇನ್ನೊಮ್ಮೆ ಓಡಿಸಿದೆ. ಬ್ರಷ್ ಕಲೆಯ ಮೇಲೂ ಹಾದು ಹೋಯಿತು, ಕಲೆ ಉಳಿಯಿತು. ಕಣ್ಣ ಕೆಳಗಿನ ಕಪ್ಪನ್ನು ದೊಡ್ಡಪ್ಪ ಮಾಡುತ್ತಿದ್ದ ಹಾಗೆ ತಿಳಿ ಮಾಡಿದೆ, ಪೂರ್ತಿ ಅಳಿಸಲಿಲ್ಲ.

ನೋಡುವಾಗ ಪಕ್ಕಪಕ್ಕ ಇಟ್ಟು ನೋಡಬಾರದು. ಕಣ್ಣು ಒಂದರಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಮೋಸ ಹೋಗುತ್ತೆ. ನಾನು ಮೂರು ದಿನ ಮೋಸ ಹೋದದ್ದು ಹಾಗೇ. ಎರಡನ್ನೂ ಒಂದರ ಮೇಲೊಂದು ಸರಿಯಾಗಿ ಕೂರಿಸಿ, ಮೇಲಿನದನ್ನು ತೋರಿಸುತ್ತಾ ಮರೆಮಾಡುತ್ತಾ ಇರಬೇಕು. ಕಳೆದುಹೋದದ್ದು ಮಿಣುಕಿ ಕಣ್ಣಿಗೆ ಬೀಳುತ್ತೆ. ಮುಖ ಹೋಲಿಸಿ ಅಂಕ ಕೊಡುವ ಪ್ರೋಗ್ರಾಂಗಳನ್ನು ಇದಕ್ಕೆ ನಂಬಬೇಡಿ. ಆರ್ಕ್‌ಫೇಸ್ ಅನ್ನುವುದು ಮುಖವನ್ನು 112 ಪಿಕ್ಸೆಲ್‌ಗೆ ಇಳಿಸಿಕೊಂಡು ನೋಡುತ್ತೆ. ಬಿಳಿ ಅಳಿಸಿಹೋದ ನನ್ನ ಮೊದಲ ಪ್ರೂಫ್‌ಗೂ ಅದು ಇದೇ ವ್ಯಕ್ತಿ ಅಂತ ಒಳ್ಳೇ ಅಂಕ ಕೊಟ್ಟಿತು. ಯಾರು ಅಂತ ಕೇಳಿದ್ದು ಟೀಚರ್ ಒಬ್ಬರೇ.

ಕೊನೆಯ ಚಿತ್ರದಲ್ಲಿ ಕೆನ್ನೆಗೂ ಬಿಳಿಗೂ ವ್ಯತ್ಯಾಸ 22 ಬಂತು. ಫೋಟೋದಷ್ಟು ಇಲ್ಲ. ಪೇಂಟಿಂಗ್ ಶೈಲಿಯಲ್ಲಿ ಎಲ್ಲ ಬಣ್ಣಗಳೂ ಸ್ವಲ್ಪ ಹತ್ತಿರ ಬರುತ್ತವೆ, ಜರಿ ಕೂಡ ಅಷ್ಟೇ ತಣ್ಣಗಾಗಿತ್ತು. ಅದಕ್ಕೆ ಹೊಂದಿಕೊಂಡು ಅಷ್ಟು ಸರಿ ಅನಿಸಿತು.

ಎಲ್ಲ ಶೈಲಿಗೂ ಈ ದಾರಿ ಆಗಲ್ಲ. ನಾಲ್ಕೈದು ಬಣ್ಣ, ಹತ್ತು ಗೆರೆಯಲ್ಲಿ ಮುಗಿಯುವ ಕಾರ್ಟೂನ್ ಮುಖದಲ್ಲಿ ಒಂದು ಸುಕ್ಕನ್ನು ಇದ್ದ ಹಾಗೇ ಇಟ್ಟರೆ ವಯಸ್ಸು ಹತ್ತು ವರ್ಷ ಜಾಸ್ತಿ ಕಾಣುತ್ತೆ. ಅಲ್ಲಿ ಯಾವ ಒಂದು ಗೆರೆ ಅವರದ್ದು ಅಂತ ಆರಿಸಿ ಕೈಯಿಂದಲೇ ಹಾಕಬೇಕು. ಫೋನ್ ಆ್ಯಪ್‌ಗಳಲ್ಲಂತೂ ಹೆಚ್ಚಿನವುಗಳಲ್ಲಿ ಮಾಸ್ಕ್ ಇಲ್ಲ, ಸಂಖ್ಯೆ ಇಲ್ಲ, ಒಂದು ಬಟನ್ ಅಷ್ಟೇ.

### ಇನ್ನೊಂದು ಮುಖ

ಟೀಚರ್ ಕೆಲಸ ಮುಗಿದ ಮೇಲೆ ಕೆಲವು ವಾರ ನಾನು ಎಲ್ಲರ ಕಲೆಯನ್ನೂ ಉಳಿಸೋಕೆ ಹೊರಟಿದ್ದೆ. ಆಗ ಒಬ್ಬ ಹುಡುಗ ಬಂದ, ಮದುವೆ ಗೊತ್ತಾಗಿತ್ತು. ಎಡಕೆನ್ನೆಯಿಂದ ಕತ್ತಿನವರೆಗೆ ಸುಟ್ಟ ಗಾಯದ ಕಲೆ. ರಿಸೆಪ್ಷನ್ ಬಾಗಿಲಲ್ಲಿ ಇಡೋಕೆ ಜೋಡಿ ಚಿತ್ರ ಬೇಕಿತ್ತು. “ಕಲೆ ತೆಗೆದುಬಿಡಿ ಸರ್” ಅಂದ. ನಾನು ಟೀಚರ್ ಕಥೆ ಹೇಳಿದೆ. ಉಳಿಸಿದರೆ ಎಷ್ಟು ಚೆನ್ನಾಗಿರುತ್ತೆ ಅಂತ ಬೇರೆ ಹೇಳಿದೆ. ಅವನು ಪೂರ್ತಿ ಕೇಳಿಸಿಕೊಂಡ. “ದಿನಾ ಕನ್ನಡೀಲಿ ನೋಡ್ತೀನಿ ಸರ್. ಆ ಒಂದು ಸಂಜೆ ಬರೋರೆಲ್ಲ ಮೊದಲು ನನ್ನ ನೋಡ್ಲಿ, ಬೆಂಕಿ ಕಥೆ ಕೇಳೋದು ಬೇಡ” ಅಂದ.

ನನ್ನ ಮಾತು ತಪ್ಪಾಗಿತ್ತು. ಅವನ ಮುಖದ ಬಗ್ಗೆ ಅವನಿಗೆ ಪಾಠ ಹೇಳೋಕೆ ನಾನ್ಯಾರು? ಮಾಡೆಲ್ ಕೇಳದೇ ತೆಗೆದದ್ದು ತಪ್ಪಾದರೆ ನಾನು ಕೇಳದೇ ಉಳಿಸುವುದೂ ತಪ್ಪೇ. ಅವನಿಗೂ ಹಾಳೆ, ಪೆನ್ಸಿಲ್ ಕೊಟ್ಟೆ. ಕೆನ್ನೆಯ ಕಲೆಗೆ ಅಡ್ಡ ಗೆರೆ ಎಳೆದ. ಕತ್ತಿನ ಹತ್ತಿರ ಬಂದಾಗ ಪಕ್ಕದಲ್ಲಿದ್ದ ಹುಡುಗಿಯನ್ನು ನೋಡಿದ. ಅವಳು ಏನೂ ಹೇಳಲಿಲ್ಲ. ಅವನು ಅಲ್ಲಿ ಗೆರೆಯನ್ನೂ ಎಳೆಯಲಿಲ್ಲ, ಸುತ್ತನ್ನೂ ಹಾಕಲಿಲ್ಲ. “ಇದು ಕಾಲರ್ ಒಳಗೆ ಹೋಗುತ್ತಲ್ವಾ, ಹೇಗಿದೆಯೋ ಹಾಗೆ ಬಿಡಿ” ಅಂದ. ಕೆನ್ನೆಯದನ್ನು ತೆಗೆಯುವಾಗ ಬಲಕೆನ್ನೆಯ ಚರ್ಮದ ಬಣ್ಣವನ್ನೇ ಅಳೆದು ಇಟ್ಟೆ, ಮಾಡೆಲ್ ಬೆಳ್ಳಗೆ ಮಾಡದ ಹಾಗೆ. ಅವನು ಕೇಳಿದ್ದು ಕಲೆ ತೆಗೆಯೋಕೆ, ಬಣ್ಣ ಬದಲಾಯಿಸೋಕೆ ಅಲ್ಲ.

ಈಗ ನನ್ನ ಕೌಂಟರ್‌ನಲ್ಲಿ ಒಂದು ಕಟ್ಟು ಎ4 ಹಾಳೆ, ಎರಡು ಪೆನ್ಸಿಲ್ ಯಾವಾಗಲೂ ಇರುತ್ತೆ. ಆರ್ಡರ್ ಕೊಡೋಕೆ ಬಂದವರು ಬೇರೆ, ಚಿತ್ರದಲ್ಲಿ ಇರುವವರು ಬೇರೆ ಆದರೆ ಹಾಳೆ ಚಿತ್ರದಲ್ಲಿ ಇರುವವರ ಕೈಗೇ ಹೋಗಬೇಕು ಅಂತ ಹೇಳುತ್ತೇನೆ. ಮಗಳು ಮೆಚ್ಚಿದ್ದನ್ನು ಅಮ್ಮ ಗುರುತು ಹಿಡಿಯದೇ ಹೋದದ್ದನ್ನು ನೋಡಿದ್ದೇನಲ್ಲ. ತೀರಿಹೋದವರ ಫೋಟೋ ಬಂದಾಗ ಕಷ್ಟ. ಆಗ ಹಳೆಯ ಫೋಟೋ ಎರಡು ಮೂರು ತರಿಸಿಕೊಂಡು, ಅವರು ತಾವೇ ಇಷ್ಟಪಟ್ಟು ತೆಗೆಸಿಕೊಂಡದ್ದು ಯಾವುದು ಅಂತ ಕೇಳುತ್ತೇನೆ. ಅದರಲ್ಲಿ ಅವರು ಮುಖವನ್ನು ಯಾವ ಕಡೆ ತಿರುಗಿಸಿ ಕೂತಿದ್ದಾರೆ ಅಂತ ನೋಡುತ್ತೇನೆ. ಗುರುತು ಇದ್ದ ಕಡೆಯನ್ನು ಕ್ಯಾಮೆರಾಗೆ ಕೊಟ್ಟಿದ್ದರೋ, ಮರೆ ಮಾಡಿದ್ದರೋ.

ಟೀಚರ್‌ಗೆ ಎರಡನೇ ಪ್ರೂಫ್ ತೋರಿಸೋಕೆ ಹೋದಾಗ “ಚೆನ್ನಾಗಿದೆಯಾ?” ಅಂತ ಕೇಳಲಿಲ್ಲ. ಏನೂ ಕೇಳದೆ ಕೈಗೆ ಕೊಟ್ಟೆ. ಮತ್ತೆ ಬಾಗಿಲ ಹತ್ತಿರ ಹೋದರು. ತುಟಿಯ ಪಕ್ಕದ ಬಿಳಿಯ ಮೇಲೆ ಬೆರಳಿಟ್ಟು ಅಂಚಿನುದ್ದಕ್ಕೂ ನಿಧಾನವಾಗಿ ಸರಿಸಿದರು. ಆಮೇಲೆ ತಮ್ಮ ಮುಖದ ಮೇಲೆ ಹಾಗೇ ಸರಿಸಿದರು. ಅವರ ಬೆರಳು ಚಿತ್ರದಲ್ಲಿ ನಿಂತದ್ದಕ್ಕಿಂತ ಒಂದಿಷ್ಟು ಕೆಳಗೆ ಹೋಗಿ ನಿಂತಿತು.

“ಈಗ ಇಲ್ಲಿವರೆಗೂ ಬಂದಿದೆ ನೋಡು” ಅಂದರು. ಫೋಟೋ ತೆಗೆದು ಎಂಟು ತಿಂಗಳಾಗಿತ್ತು.

ಬೇಕಿದ್ದರೆ ಅಷ್ಟು ಮುಂದಕ್ಕೆ ತರಬಹುದು, ಮಾಸ್ಕ್ ಹಾಕಿದರೆ ಹತ್ತು ನಿಮಿಷದ ಕೆಲಸ ಅಂದೆ.

ಅವರು ಸ್ವಲ್ಪ ಹೊತ್ತು ಯೋಚನೆ ಮಾಡಿದರು. “ಬೇಡಪ್ಪ. ಆವತ್ತು ಇಷ್ಟೇ ಇತ್ತಲ್ಲ” ಅಂದು ಪ್ರೂಫನ್ನು ಗೋಡೆಗೆ ಒರಗಿಸಿಟ್ಟು, ಮಗಳನ್ನು ಕರೆಯೋಕೆ ಒಳಗೆ ಹೋದರು.